‘ಊಟ ಆಯ್ತಾ’ ಅಂತ ಕೇಳಿದ ಮೇಲೆ: ಊರಲ್ಲಿ ಒಬ್ಬರೇ ಇರುವ ಅಪ್ಪ-ಅಮ್ಮನ ಬೇಜಾರು, ಮರೆವು

ಹೋದ ವರ್ಷ ಆಷಾಢದಲ್ಲಿ ಒಂದು ರಾತ್ರಿ ಬೆಂಗಳೂರಿನಿಂದ ಭಾವ ಫೋನ್ ಮಾಡಿದರು. “ಅಮ್ಮಂಗೆ ಮರೆವು ಶುರುವಾಗಿದೆ ಕಣೇ. ನಿನ್ನೆ ಹೇಳಿದ್ದು ಇವತ್ತು ನೆನಪಿಲ್ಲ. ಎರಡು ಸಲ ಹಾಲಿನ ಪಾತ್ರೆ ಸುಟ್ಟಿದ್ದಾಳಂತೆ. ಇಲ್ಲಿಗೆ ಕರ್ಕೊಂಡು ಬಂದುಬಿಡ್ಲಾ?”

ಅವರ ಅಮ್ಮ ಅಂದರೆ ನನ್ನ ಸೋದರತ್ತೆ. ವಯಸ್ಸು 74. ಹೊಸನಗರ ತಾಲ್ಲೂಕಿನಲ್ಲಿ ಅಡಿಕೆ ತೋಟದ ತಲೆಗೆ ಒಂಟಿ ಮನೆ. ಮಾವ ತೀರಿಕೊಂಡು ಎರಡು ವರ್ಷವಾಗಿತ್ತು. ಮಗ ಬೆಂಗಳೂರಿನಲ್ಲಿ, ಮಗಳು ಪುಣೆಯಲ್ಲಿ. ಪಕ್ಕದ ಮನೆ ಅಂದರೆ ತೋಟ ಇಳಿದು, ಹಳ್ಳದ ಮೇಲಿನ ಸಂಕ ದಾಟಿ, ಹತ್ತು ನಿಮಿಷ ನಡೆಯಬೇಕು. ಮಳೆಗಾಲದಲ್ಲಿ ಆ ಸಂಕದ ಮೇಲೆ ಕಾಲಿಡಲು ನನಗೇ ಭಯ. ಇನ್ನು ಅತ್ತೆಯ ಮಾತೆಲ್ಲಿ?

ನಾನು ಶಿವಮೊಗ್ಗದಲ್ಲಿ ಮನೋರೋಗ ವಿಭಾಗದಲ್ಲಿ ನರ್ಸ್ ಆಗಿ ಬಹಳ ವರ್ಷ ಕೆಲಸ ಮಾಡಿದವಳು. ಇಂಥ ಫೋನು ನನಗೆ ಹೊಸದಲ್ಲ. ಬಹುತೇಕ ಮನೆಗಳಲ್ಲಿ ಫೋನ್ ಮಾಡುವ ಹೊತ್ತಿಗೆ ತೀರ್ಮಾನವೂ ಆಗಿರುತ್ತದೆ. ಅರವತ್ತಕ್ಕೆ ಅರಳು ಮರಳು ಅನ್ನುವ ಗಾದೆ ಬೇರೆ ಇದೆಯಲ್ಲ. ಆ ಗಾದೆ ಎಷ್ಟು ಜನರ ಚಿಕಿತ್ಸೆ ತಡ ಮಾಡಿದೆಯೋ ಲೆಕ್ಕವಿಲ್ಲ.

ಭಾವನಿಗೆ ನಾನು ಹೇಳಿದ್ದು ಒಂದೇ. ಈಗಲೇ ಕರ್ಕೊಂಡು ಹೋಗಬೇಡಿ, ಎರಡು ದಿನ ರಜೆ ಹಾಕಿ ಬನ್ನಿ. ಆಮೇಲೆ ಮೂರು ತಿಂಗಳು ನಾವು ಏನೇನು ಮಾಡಿದೆವೋ ಅದನ್ನೇ ಅದೇ ಕ್ರಮದಲ್ಲಿ ಬರೆಯುತ್ತಿದ್ದೇನೆ. ದೂರದ ಊರಿನಲ್ಲಿರುವ ಮಕ್ಕಳೂ ಮಾಡಬಹುದಾದದ್ದು.

ಮೊದಲು: ಒಂಟಿತನ ಇದೆಯಾ ಅಂತ ಕೇಳಿ

ಒಬ್ಬರೇ ಇರುವುದೇ ಬೇರೆ, ಒಂಟಿ ಅನ್ನಿಸುವುದೇ ಬೇರೆ. ಒಬ್ಬರೇ ಇದ್ದು ಹಾಯಾಗಿರುವ ಹಿರಿಯರನ್ನು ನಮ್ಮ ಕಡೆ ಬೇಕಾದಷ್ಟು ನೋಡಿದ್ದೇನೆ. ತುಂಬಿದ ಮನೆಯಲ್ಲಿದ್ದೂ ಮಾತಿಗೆ ಜನವಿಲ್ಲದೆ ಒಣಗುವವರೂ ಇದ್ದಾರೆ. ಹಾಗಾಗಿ ನಾವು ಊಹೆ ಮಾಡಬಾರದು, ಕೇಳಬೇಕು.

ಕೇಳಲು ಮೂರು ಪ್ರಶ್ನೆಗಳಿವೆ. ಜಗತ್ತಿನ ಬೇರೆ ಬೇರೆ ಕಡೆ ಸಂಶೋಧಕರು ಬಳಸುವ ಪ್ರಶ್ನೆಗಳೇ ಇವು. ನಮ್ಮ ಮಾತಿನಲ್ಲಿ ಹೇಳುವುದಾದರೆ: ಜೊತೆಗೆ ಯಾರೂ ಇಲ್ಲ ಅನ್ನಿಸುತ್ತಾ? ನನ್ನನ್ನ ಬಿಟ್ಟು ಎಲ್ಲ ನಡೀತಿದೆ ಅನ್ನಿಸುತ್ತಾ? ಎಲ್ಲರಿಂದ ದೂರ ಆಗಿಬಿಟ್ಟೆ ಅನ್ನಿಸುತ್ತಾ? ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪವಾದರೆ 1, ಒಮ್ಮೊಮ್ಮೆ ಆದರೆ 2, ಆಗಾಗ ಆದರೆ 3. ಮೂರನ್ನೂ ಕೂಡಿಸಿದರೆ 3ರಿಂದ 9ರ ನಡುವೆ ಒಂದು ಸಂಖ್ಯೆ ಬರುತ್ತದೆ. 6 ಅಥವಾ ಜಾಸ್ತಿ ಬಂದರೆ ಒಂಟಿತನ ಇದೆ ಅಂತ ಸಾಮಾನ್ಯವಾಗಿ ಲೆಕ್ಕ.

ಇದನ್ನು ಪರೀಕ್ಷೆಯ ಥರ ಕೇಳಬೇಡಿ. ಕೇಳಿದರೆ ಸಿಗುವ ಉತ್ತರ ಗೊತ್ತಲ್ಲ, “ನಂಗೆಂತ ಆಗಿದ್ದು? ಆರಾಮಿದೀನಿ.” ಮಕ್ಕಳಿಗೆ ಭಾರ ಆಗಬಾರದು ಅನ್ನುವುದು ಅವರ ತಲೆಯಲ್ಲಿ ಸದಾ ಇರುತ್ತದೆ. ನಾನು ಅತ್ತೆಯ ಜೊತೆ ಬಚ್ಚಲ ಒಲೆಗೆ ಬೆಂಕಿ ಹಾಕುತ್ತಾ ಕೂತಿದ್ದೆ. “ಅತ್ತೆ, ನಿನ್ನೆ ಭಾವನ ಫೋನು ಬಿಟ್ಟರೆ ಯಾರ ಹತ್ರ ಮಾತಾಡಿದ್ರಿ?” ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಒಲೆಯನ್ನೇ ನೋಡಿದರು. “ಬೆಕ್ಕಿನ ಹತ್ರ ಮಾತಾಡಿದ್ದು ಲೆಕ್ಕಕ್ಕೆ ಬರ್ತದಾ ಮಾರಾಯ್ತಿ?” ಅಂದರು. ಅಲ್ಲಿಂದ ಮೂರು ಪ್ರಶ್ನೆಗೂ ಉತ್ತರ ಸುಲಭವಾಗಿ ಬಂತು. ಒಟ್ಟು 8.

ಬೇಜಾರು ಖಾಯಿಲೆಯಾಗಿದೆಯಾ ನೋಡಿ

ಒಂಟಿತನ ಅನ್ನುವುದು ಖಾಯಿಲೆಯಲ್ಲ. ಆದರೆ ಅದು ತಿಂಗಳುಗಟ್ಟಲೆ ನಿಂತರೆ ಖಿನ್ನತೆಗೆ ದಾರಿಯಾಗುತ್ತದೆ. ವಯಸ್ಸಾದವರ ಖಿನ್ನತೆಯನ್ನು ಗುರುತು ಹಿಡಿಯುವುದು ಕಷ್ಟ. ಯಾಕೆಂದರೆ ಅವರು “ದುಃಖ ಆಗ್ತಿದೆ” ಅನ್ನುವುದಿಲ್ಲ. ಮೈಕೈ ನೋವು, ಹೊಟ್ಟೆ ಉಬ್ಬರ, ತಲೆಭಾರ, “ಯಾಕೋ ಮನಸ್ಸಿಲ್ಲ” ಅನ್ನುತ್ತಾರೆ. ಡಾಕ್ಟರು ನೋವಿನ ಮಾತ್ರೆ ಕೊಡುತ್ತಾರೆ. ಅಷ್ಟಕ್ಕೆ ಮುಗಿಯಿತು.

ನೀವು ನೋಡಬೇಕಾದ್ದು ಮಾತನ್ನಲ್ಲ, ಮನೆಯನ್ನು. ಅತ್ತೆಯ ಮನೆಯಲ್ಲಿ ಆ ವರ್ಷ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿರಲಿಲ್ಲ. ಹಲಸಿನ ಹಪ್ಪಳದ ಡಬ್ಬ ಖಾಲಿ. ಮಿಡಿ ಸಿಗಲಿಲ್ಲವಾ ಅಂದರೆ “ಯಾರಿಗೆ ಅಂತ ಹಾಕೂದು?” ಅಂದರು. ನಲವತ್ತು ವರ್ಷ ಬಿಡದೆ ಮಾಡಿದ ಕೆಲಸವನ್ನು ಒಬ್ಬರು ಕಾರಣವಿಲ್ಲದೆ ನಿಲ್ಲಿಸಿದರೆ ಅದು ದೊಡ್ಡ ಸುಳಿವು. ಬಳೆ ಮೊಣಕೈ ತನಕ ಜಾರುತ್ತಿದ್ದವು, ಅಂದರೆ ತೂಕ ಇಳಿದಿದೆ. ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗಿ ಮತ್ತೆ ನಿದ್ದೆ ಬರುತ್ತಿರಲಿಲ್ಲ. ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಅಥವಾ ಮನಸ್ಸು ಕುಗ್ಗಿರುವುದು, ಇವೆರಡರಲ್ಲಿ ಒಂದಾದರೂ ಹೆಚ್ಚುಕಡಿಮೆ ದಿನವೂ, ಎರಡು ವಾರಕ್ಕಿಂತ ಜಾಸ್ತಿ ಇದ್ದರೆ ಡಾಕ್ಟರಿಗೆ ತೋರಿಸಲೇಬೇಕು.

ಇನ್ನೊಂದು ಮಾತನ್ನು ಬಾಯಿಬಿಟ್ಟು ಕೇಳಬೇಕು: “ಬದುಕಿದ್ದು ಸಾಕು ಅನ್ನಿಸುತ್ತಾ? ಏನಾದರೂ ಮಾಡ್ಕೊಳ್ಳೋಣ ಅಂತ ಅನ್ನಿಸಿದೆಯಾ?” ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೋಗುತ್ತದೆ ಅನ್ನುವುದು ಸುಳ್ಳು. ಹೌದು ಅಂದರೆ ಅವತ್ತು ಅವರನ್ನು ಒಬ್ಬರೇ ಬಿಡಬೇಡಿ, ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ತೋಟದ ಔಷಧಿಯನ್ನೆಲ್ಲ ಬೀಗ ಹಾಕುವ ಕಡೆ ಇಡಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಮರೆವು ಯಾವ ಥರದ್ದು?

ಇಲ್ಲಿ ಸ್ವಲ್ಪ ನಿಧಾನ ಮಾಡಿ. ಮಕ್ಕಳು ಜಾಸ್ತಿ ಎಡವುವುದು ಇಲ್ಲೇ.

ನೆನಪು ಕೆಲಸ ಮಾಡಬೇಕಾದರೆ ಮೊದಲು ವಿಷಯ ತಲೆಯೊಳಗೆ ಹೋಗಬೇಕು. ಮನಸ್ಸು ಕುಗ್ಗಿದಾಗ ಗಮನವೇ ಇರುವುದಿಲ್ಲ, ಒಳಗೆ ಹೋಗದ್ದು ನೆನಪಾಗುವುದು ಹೇಗೆ? ಹಾಲಿನ ಪಾತ್ರೆ ಸುಡುವುದು ಹೀಗೂ ಆಗಬಹುದು. ಡಿಮೆನ್ಶಿಯಾ ಅಂದರೆ ಮೆದುಳಿನ ಶಕ್ತಿಯೇ ಕುಂದುತ್ತಾ ಹೋಗುವ ಖಾಯಿಲೆ. ಅದರಲ್ಲಿ, ಮುಖ್ಯವಾಗಿ ಅಲ್ಜೈಮರ್ ಥರದ್ದರಲ್ಲಿ, ಹೊಸ ವಿಷಯ ಕೂರುವ ಜಾಗವೇ ಹಾಳಾಗುತ್ತಾ ಹೋಗುತ್ತದೆ.

ಮನೆಯಲ್ಲೇ ಕಾಣುವ ವ್ಯತ್ಯಾಸಗಳಿವೆ. ಖಿನ್ನತೆ ಇರುವವರು ತಮ್ಮ ಮರೆವಿನ ಬಗ್ಗೆ ತಾವೇ ದೂರು ಹೇಳುತ್ತಾರೆ, “ನನ್ನ ತಲೆ ಹೋಯ್ತು” ಅಂತ. ಏನು ಕೇಳಿದರೂ “ಗೊತ್ತಿಲ್ಲ” ಅನ್ನುತ್ತಾರೆ, ಪ್ರಯತ್ನವೇ ಮಾಡುವುದಿಲ್ಲ. ಒಂದು ಸುಳಿವು ಕೊಟ್ಟರೆ ಬಹಳ ಸಲ ನೆನಪಾಗುತ್ತದೆ. ಡಿಮೆನ್ಶಿಯಾದಲ್ಲಿ ದೂರು ಹೇಳುವವರು ಮನೆಯವರು. ಅವರನ್ನೇ ಕೇಳಿದರೆ “ನಂಗೆಂತ ಮರೆವು?” ಅನ್ನುತ್ತಾರೆ, ಇಲ್ಲವೇ ಏನೋ ಒಂದು ಉತ್ತರ ಕಟ್ಟಿ ಹೇಳುತ್ತಾರೆ. ಸುಳಿವು ಕೊಟ್ಟರೂ ಹೊಳೆಯುವುದಿಲ್ಲ. ಮರೆವಿನ ಜೊತೆಗೆ ಕೈಗೆ ಕೂತ ಕೆಲಸವೂ ತಪ್ಪತೊಡಗುತ್ತದೆ. ದಿನಾ ಮಾಡುವ ತಂಬುಳಿಯಲ್ಲಿ ಏನಾದ ಮೇಲೆ ಏನು ಅಂತ ತಿಳಿಯದೆ ನಿಂತುಬಿಡುವುದು, ಗೊತ್ತಿರುವ ತೋಟದಲ್ಲೇ ದಾರಿ ತಪ್ಪುವುದು, ಅಡಿಕೆ ಮಂಡಿಯ ಚೀಟಿಯ ಲೆಕ್ಕ ಅರ್ಥವಾಗದಿರುವುದು.

ಎರಡೂ ಒಟ್ಟಿಗೆ ಇರಬಹುದು ಅನ್ನುವುದನ್ನು ಮರೆಯಬೇಡಿ. ವಯಸ್ಸಾದ ಮೇಲೆ ಮೊದಲ ಸಲ ಬಂದ ಖಿನ್ನತೆ ಕೆಲವರಲ್ಲಿ ಡಿಮೆನ್ಶಿಯಾದ ಮುನ್ಸೂಚನೆಯೂ ಆಗಿರುತ್ತದೆ. ಹಾಗಾಗಿ ಈ ಗುರುತುಗಳು ಡಾಕ್ಟರಿಗೆ ಹೇಳಲು ಬೇಕು, ನೀವೇ ತೀರ್ಪು ಕೊಡಲು ಅಲ್ಲ.

ಮೂರನೆಯದು ಒಂದಿದೆ, ಅದಕ್ಕೆ ಕಾಯುವ ಹಾಗಿಲ್ಲ. ಸೋಮವಾರ ಸರಿಯಿದ್ದವರು ಬುಧವಾರ ಗೊಂದಲದಲ್ಲಿದ್ದರೆ, ಹಗಲು ಮಂಪರು, ರಾತ್ರಿ ಕಿರುಚಾಟ ಅಂತಿದ್ದರೆ ಅದು ಒಂಟಿತನವೂ ಅಲ್ಲ, ಅರಳು ಮರಳೂ ಅಲ್ಲ. ಮೂತ್ರದ ಸೋಂಕು, ಜ್ವರ, ರಕ್ತದಲ್ಲಿ ಸೋಡಿಯಂ ಇಳಿಯುವುದು, ಬಿದ್ದಾಗ ತಲೆಯೊಳಗೆ ರಕ್ತ ಕೂರುವುದು, ಇಂಥ ಏನೋ ಇರುತ್ತದೆ. ಅವತ್ತೇ ಆಸ್ಪತ್ರೆಗೆ.

ಭಾವ ಎರಡು ದಿನ ಇದ್ದಾಗ ನಾವು ಗಮನಿಸಿದ್ದು ಇಷ್ಟು. ಅತ್ತೆಗೆ ತೋಟದ ಕೆಲಸದವರ ಬಾಕಿ ರೂಪಾಯಿ ಲೆಕ್ಕದಲ್ಲಿ ನೆನಪಿತ್ತು. ಅಡುಗೆ ಸರಿಯಾಗಿಯೇ ಇತ್ತು. “ಹಿಂದಿನ ವಾರ ಬಂದಿದ್ದು ಯಾರು?” ಅಂದರೆ “ಗೊತ್ತಿಲ್ಲ”. “ಜೇನುತುಪ್ಪ ತಂದಿದ್ದರಲ್ಲ” ಅಂದ ಕೂಡಲೇ ಹೆಸರು, ಮನೆ, ಬೈಕಿನ ಬಣ್ಣ ಎಲ್ಲ ಬಂತು. ಇನ್ನೊಂದು ವಿಷಯ ಭಾವನಿಗೆ ಆಗ ಹೊಳೆಯಿತು. ಅಡುಗೆಮನೆಯಿಂದ ಕರೆದರೆ ಅತ್ತೆ ತಿರುಗುತ್ತಲೇ ಇರಲಿಲ್ಲ. ಫೋನಿನಲ್ಲಿ ಹೇಳಿದ್ದಕ್ಕೆಲ್ಲ “ಹ್ಞೂಂ, ಹ್ಞೂಂ” ಅನ್ನುತ್ತಿದ್ದರು. ಮಗ ಹೇಳಿದ್ದು ಮರೆತಿದ್ದಲ್ಲ, ಅರ್ಧ ಕೇಳಿಸಿರಲೇ ಇಲ್ಲ.

ಡಾಕ್ಟರ ಹತ್ತಿರ ಹೋಗುವಾಗ

ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಚೀಟಿ ಅಲ್ಲ, ಮಾತ್ರೆಗಳನ್ನೇ. ದೇವರ ಗೂಡಿನಲ್ಲಿ, ಮಂಚದ ಕೆಳಗಿನ ಡಬ್ಬದಲ್ಲಿ ಇರುವುದೂ ಸೇರಿ. ಅತ್ತೆಯ ಚೀಲದಲ್ಲಿ ಆಲ್ಪ್ರಜೋಲಂ ಇತ್ತು. ಮಾವ ಹೋದಾಗ ನಿದ್ದೆಗೆಂದು ಹದಿನೈದು ದಿನಕ್ಕೆ ಕೊಟ್ಟಿದ್ದ ಮಾತ್ರೆ. ಎರಡು ವರ್ಷದಿಂದ ನಡೆಯುತ್ತಿತ್ತು, ಯಾರೋ ಪೇಟೆಗೆ ಹೋಗುವವರ ಕೈಲಿ ತರಿಸಿಕೊಳ್ಳುತ್ತಿದ್ದರು. ಈ ಮಾತ್ರೆ ವಯಸ್ಸಾದವರಲ್ಲಿ ನೆನಪನ್ನು ಮಂಕಾಗಿಸುತ್ತದೆ, ಬೀಳುವ ಹಾಗೂ ಮಾಡುತ್ತದೆ. ನೆಗಡಿಗೆ ಅಂಗಡಿಯಲ್ಲಿ ಸಿಗುವ ಮಂಪರು ಬರಿಸುವ ಮಾತ್ರೆಗಳೂ ಅಷ್ಟೇ. ಆದರೆ ನಿದ್ದೆ ಮಾತ್ರೆಯನ್ನು ನೀವೇ ಒಂದೇ ದಿನ ನಿಲ್ಲಿಸಬೇಡಿ. ತುಂಬಾ ದಿನ ತೆಗೆದುಕೊಂಡವರಿಗೆ ಥಟ್ಟನೆ ನಿಲ್ಲಿಸಿದರೆ ನಡುಕ, ಗಾಬರಿ, ಫಿಟ್ಸ್ ಕೂಡ ಬರಬಹುದು. ಡಾಕ್ಟರು ವಾರಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾರೆ.

ರಕ್ತದಲ್ಲಿ ಬಿ12, ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ, ಸೋಡಿಯಂ ನೋಡಿಸಿ. ಮೀನು ಮಾಂಸ ತಿನ್ನದವರಲ್ಲಿ, ಸಕ್ಕರೆಗೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಬಿ12 ಕಡಿಮೆ ಇರುವುದು ಸಾಮಾನ್ಯ. ಅದು ಕಡಿಮೆಯಾದರೂ ಬೇಜಾರು, ಮರೆವು ಎರಡೂ ಬರುತ್ತವೆ. ಕಿವಿ, ಕಣ್ಣು ಎರಡನ್ನೂ ತೋರಿಸಿ. ಕಿವಿ ಕೇಳಿಸದಿರುವುದು ಡಿಮೆನ್ಶಿಯಾದ ದೊಡ್ಡ ಅಪಾಯಗಳಲ್ಲಿ ಒಂದು. ಲ್ಯಾನ್ಸೆಟ್ ವೈದ್ಯಪತ್ರಿಕೆಯ ಆಯೋಗ 2024ರಲ್ಲಿ ಹೇಳಿದ 14 ಅಪಾಯಗಳಲ್ಲಿ ಅದೂ ಇದೆ, ಖಿನ್ನತೆಯೂ ಇದೆ, ಜನರ ಸಂಪರ್ಕ ಇಲ್ಲದಿರುವುದೂ ಇದೆ. ಅತ್ತೆಯ ಪಟ್ಟಿಯಲ್ಲಿ ಮೂರೂ ಒಟ್ಟಿಗೆ ಬಿದ್ದಿದ್ದವು.

ಎಲ್ಲಿ ತೋರಿಸುವುದು? ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಬರುವ ದಿನವಿರುತ್ತದೆ. ಹೊರಡುವ ಮೊದಲು ಫೋನ್ ಮಾಡಿ ಯಾವ ದಿನ ಅಂತ ಕೇಳಿಕೊಳ್ಳಿ, ಸುಮ್ನೆ ಬಸ್ಸಿನಲ್ಲಿ ಮೂರು ಗಂಟೆ ಕೂರಿಸಿ ವಾಪಸ್ ಕರೆತರಬೇಡಿ. “ಹುಚ್ಚರ ಡಾಕ್ಟರ ಹತ್ರ ಯಾಕೆ?” ಅನ್ನುವ ಮಾತು ಬಂದೇ ಬರುತ್ತದೆ. ನಾನು ಅತ್ತೆಗೆ “ನಿದ್ದೆಗೆ ಡಾಕ್ಟರು” ಅಂದೆ. ಸುಳ್ಳೇನಲ್ಲವಲ್ಲ.

ಹಿರಿಯರ ಮನಸ್ಸು ನೋಡಲು ಹೌದು-ಇಲ್ಲ ಅಂತ ಉತ್ತರಿಸುವ 15 ಪ್ರಶ್ನೆಗಳಿವೆ. 5 ದಾಟಿದರೆ ವೈದ್ಯರು ಇನ್ನಷ್ಟು ವಿಚಾರಿಸುತ್ತಾರೆ. ಅತ್ತೆಗೆ 9 ಬಂತು. ನೆನಪಿನ ಪರೀಕ್ಷೆಯಲ್ಲಿ ಸ್ವಲ್ಪ ಹಿಂದಿದ್ದರು. ಬಿ12 ಸರಿಯಿತ್ತು. ಎರಡೂ ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿತ್ತು, ಅದನ್ನು ತೆಗೆದ ಮೇಲೂ ಬಲಗಿವಿ ಮಂದವೇ. ಖಿನ್ನತೆಗೆ ಮಾತ್ರೆ ಶುರುವಾಯಿತು. ಇದು ತಲೆನೋವಿನ ಮಾತ್ರೆಯಲ್ಲ, ಫಲ ಕಾಣಲು ನಾಲ್ಕರಿಂದ ಆರು ವಾರ ಬೇಕು. ಎರಡನೇ ವಾರ “ಏನೂ ಆಗ್ಲಿಲ್ಲ” ಅಂತ ಬಿಡುವವರೇ ಜಾಸ್ತಿ. ಒಂದು ಎಚ್ಚರ ಮಾತ್ರ ಇರಲಿ: ಶುರು ಮಾಡಿದ ಮೊದಲ ವಾರಗಳಲ್ಲಿ ಹೊಸದಾಗಿ ಗೊಂದಲ, ವಿಪರೀತ ಸುಸ್ತು ಕಂಡರೆ ಸೋಡಿಯಂ ಇಳಿದಿರಬಹುದು. ಬಿಪಿಗೆ ಮೂತ್ರ ಹೋಗುವ ಮಾತ್ರೆ ನುಂಗುವವರಲ್ಲಿ ಇದು ಹೆಚ್ಚು. ತಕ್ಷಣ ಡಾಕ್ಟರಿಗೆ ತಿಳಿಸಿ.

ಈಗ ಫೋನಿನ ವಿಷಯ

ಭಾವ ದಿನಾ ರಾತ್ರಿ ಎಂಟೂವರೆಗೆ ತಪ್ಪದೆ ಫೋನ್ ಮಾಡುತ್ತಿದ್ದರು. ಊಟ ಆಯ್ತಾ, ಮಾತ್ರೆ ತಗೊಂಡ್ಯಾ, ಮಳೆ ಹೇಗಿದೆ, ಸರಿ ಇಡ್ತೀನಿ. ಎರಡು ನಿಮಿಷ. ಅದು ಮಾತಲ್ಲ, ಹಾಜರಿ. ಮರೆವಿನ ಅನುಮಾನ ಬಂದ ಮೇಲಂತೂ “ನಿನ್ನೆ ಏನು ಹೇಳಿದ್ದೆ ಹೇಳು ನೋಡೋಣ” ಅಂತ ಪರೀಕ್ಷೆ ಬೇರೆ ಶುರುವಾಗಿತ್ತು. ಎಂಟೂಕಾಲಕ್ಕೇ ಅತ್ತೆಗೆ ಎದೆ ಡವಡವ.

ಅಮೆರಿಕದ ಟೆಕ್ಸಾಸಿನಲ್ಲಿ ಮನೆಗೆ ಊಟ ತರಿಸಿಕೊಳ್ಳುವ 240 ಜನರ ಮೇಲೆ ಒಂದು ಪ್ರಯೋಗ ಮಾಡಿದ್ದರು, 2021ರಲ್ಲಿ ಪ್ರಕಟವಾಯಿತು. ಹೆಚ್ಚಿನವರು ವಯಸ್ಸಾದವರೇ. ಅರ್ಧ ಜನಕ್ಕೆ ಕಾಲೇಜು ಓದುವ ವಯಸ್ಸಿನ ಹುಡುಗ ಹುಡುಗಿಯರು ನಾಲ್ಕು ವಾರ ಫೋನ್ ಮಾಡಿದರು. ಮೊದಲ ವಾರ ಐದು ಸಲ, ಆಮೇಲೆ ಎಷ್ಟು ಸಲ ಅನ್ನುವುದು ಹಿರಿಯರ ಆಯ್ಕೆ. ಹೆಚ್ಚಿನ ಮಾತು ಹತ್ತು ನಿಮಿಷದೊಳಗೆ ಮುಗಿಯುತ್ತಿತ್ತು. ವಿಷಯ ಏನು ಅಂತ ನಿರ್ಧರಿಸುತ್ತಿದ್ದವರು ಹಿರಿಯರೇ. ಒಂಟಿತನವೂ ಇಳಿಯಿತು, ಖಿನ್ನತೆಯೂ ಇಳಿಯಿತು. ಹತ್ತು ನಿಮಿಷವನ್ನು ಹೇಗೆ ಬಳಸಿದರು ಅನ್ನುವುದೇ ಇಲ್ಲಿ ನೋಡಬೇಕಾದ್ದು.

ನಾವು ಮಾಡಿದ ಬದಲಾವಣೆ ಹೀಗಿತ್ತು. ಹೊತ್ತು ರಾತ್ರಿಯಿಂದ ಬೆಳಿಗ್ಗೆ ಹತ್ತೂವರೆಗೆ ಬಂತು, ಯಾಕೆಂದರೆ ಆಗ ಅತ್ತೆಗೆ ಕೆಲಸ ಮುಗಿದಿರುತ್ತದೆ, ಸುಸ್ತಿರುವುದಿಲ್ಲ. ವಾರಕ್ಕೆ ಐದು ದಿನ ಭಾವ, ಎರಡು ದಿನ ಪುಣೆಯ ಅತ್ತಿಗೆ. ಊಟ, ಮಾತ್ರೆ ಕೇಳುವ ಹಾಗಿಲ್ಲ. ಮಾತ್ರೆಗೆ ವಾರದ ಡಬ್ಬ ಬಂತು. ಅದರ ಬದಲು ಅವರಿಗೆ ಮಾತ್ರ ಗೊತ್ತಿರುವುದನ್ನು ಕೇಳುವುದು. ಕೊಳೆರೋಗಕ್ಕೆ ಎರಡನೇ ಸಲ ಔಷಧಿ ಹೊಡೆಯಲು ಜನ ಬಂದರಾ? ಕಟ್ಟಿನ ಸಾರಿಗೆ ಬೆಲ್ಲ ಯಾವಾಗ ಹಾಕೂದು? ಮೊದಲ ವಾರ ಭಾವನಿಗೆ ಮೂರು ನಿಮಿಷಕ್ಕೇ ಮಾತು ಮುಗಿಯುತ್ತಿತ್ತು. “ಸುಮ್ನಿದ್ದರೂ ಪರವಾಗಿಲ್ಲ, ಇಡಬೇಡಿ” ಅಂದೆ. ಮೂರನೇ ವಾರ ಅತ್ತೆ ತಾವೇ, “ನಾಳೆ ಫೋನ್ ಮಾಡಿದಾಗ ಒಂದು ವಿಷಯ ಹೇಳ್ತೆ, ನೆನಪು ಮಾಡು” ಅಂದರಂತೆ. ನಾಳೆಯ ಬಗ್ಗೆ ಮಾತು ಬಂದಿದ್ದು ಅದೇ ಮೊದಲು.

ಫೋನಿನ ಮಿತಿ ಅಂದರೆ ನಮ್ಮ ಕಡೆಯ ಮಳೆ. ಮರ ಬಿದ್ದರೆ ಮೂರು ದಿನ ಕರೆಂಟಿಲ್ಲ, ಟವರಿಲ್ಲ. ಆ ದಿನಗಳಿಗೆ ಮೊದಲೇ ಒಬ್ಬರನ್ನು ಗೊತ್ತು ಮಾಡಿ. ಅತ್ತೆಯ ಮನೆಗೆ ಹಾಲು ಕರೆಯಲು ಬರುವ ಹೆಂಗಸು ಕೊಟ್ಟಿಗೆಯಿಂದಲೇ ಹೋಗಿಬಿಡುತ್ತಿದ್ದಳು. ಈಗ ಒಳಗೆ ಬಂದು ಕಾಫಿ ಕುಡಿದೇ ಹೋಗಬೇಕು ಅಂತ ಮಾತಾಯಿತು. ಸಂಬಳ ಸ್ವಲ್ಪ ಜಾಸ್ತಿ ಮಾಡಿದ್ದೂ ಉಂಟು. ಕ್ಯಾಮೆರಾ ಹಾಕಿಸುವ ದುಡ್ಡಿಗಿಂತ ಈ ದುಡ್ಡು ಒಳ್ಳೆಯದು ಅಂತ ನನ್ನ ಲೆಕ್ಕ.

ವಾರಕ್ಕೊಂದು ಹೊರಗಿನ ಕೆಲಸ

“ಜನರ ಜೊತೆ ಬೆರೀರಿ” ಅಂತ ಹೇಳಿದರೆ ಯಾರೂ ಬೆರೆಯುವುದಿಲ್ಲ. ಅಡ್ಡಿ ಏನು ಅಂತ ಹುಡುಕಿ ಅದನ್ನು ತೆಗೆಯಬೇಕು. ಗೋವಾದಲ್ಲಿ 60 ದಾಟಿದ, ಸ್ವಲ್ಪ ಮಂಕಾಗಿದ್ದರೂ ಇನ್ನೂ ಖಿನ್ನತೆಗೆ ಇಳಿಯದಿದ್ದ 181 ಜನರನ್ನು ಆರಿಸಿ, ಅವರಲ್ಲಿ ಅರ್ಧದಷ್ಟು ಮಂದಿಗೆ ಡಾಕ್ಟರಲ್ಲದ ತರಬೇತಾದ ಕಾರ್ಯಕರ್ತರು ಇದನ್ನೇ ಹೇಳಿಕೊಟ್ಟರು. ಒಂದು ಸಮಸ್ಯೆ ಹಿಡಿ, ಅದಕ್ಕೆ ಒಂದು ಚಿಕ್ಕ ದಾರಿ ಹುಡುಕು, ಮಾಡಿ ನೋಡು. ಜೊತೆಗೆ ನಿದ್ದೆ ಸರಿಮಾಡಿಕೊಳ್ಳುವುದು, ಸರ್ಕಾರದ ಸವಲತ್ತು ಪಡೆಯಲು ಸಹಾಯ. ಒಂದು ವರ್ಷದ ಮೇಲೆ ನೋಡಿದರೆ ಈ ಸಹಾಯ ಸಿಕ್ಕವರಲ್ಲಿ ನೂರಕ್ಕೆ ಸುಮಾರು 4 ಮಂದಿಗೆ ಖಿನ್ನತೆ ಬಂದಿತ್ತು, ಸಿಗದವರಲ್ಲಿ 14 ಮಂದಿಗೆ.

ಅತ್ತೆ ಗುರುವಾರದ ಭಜನೆ ಬಿಟ್ಟು ಒಂದೂವರೆ ವರ್ಷವಾಗಿತ್ತು. ಮನಸ್ಸಿಲ್ಲ ಅನ್ನುತ್ತಿದ್ದರು. ಕೆದಕಿದರೆ ಕಾರಣ ಎರಡು. ಕಿವಿ ಕೇಳಿಸದೆ ಹಾಡು ತಪ್ಪಿ ನಗೆಪಾಟಲಾಗಿದ್ದರು. ಮತ್ತೆ, ಸಂಕ. ಕಿವಿಗೆ ಮಿಷನ್ ಬಂತು. ಸಂಕಕ್ಕೆ ಭಾವ ಎರಡೂ ಕಡೆ ಬಿದಿರಿನ ಕೈತಾಂಗು ಕಟ್ಟಿಸಿದರು, ಅಡಿಕೆ ದಬ್ಬೆ ಬದಲಿಸಿ ಗಟ್ಟಿ ಹಲಗೆ ಹಾಕಿಸಿದರು. ಒಂದು ದಿನದ ಕೆಲಸ. ಮೊದಲ ಎರಡು ಗುರುವಾರ ಹೋಗಲಿಲ್ಲ. ಮೂರನೇ ಗುರುವಾರ ಪಕ್ಕದ ಮನೆಯಾಕೆ ಬಂದು ಕರೆದಾಗ ಹೋದರು. ಮನಸ್ಸು ಬಂದ ಮೇಲೆ ಹೊರಡುವುದಲ್ಲ ಇದು, ಹೊರಟ ಮೇಲೆ ಮನಸ್ಸು ಬರುವುದು.

ಬೆಂಗಳೂರಿಗೆ ಕರೆದುಕೊಂಡು ಹೋಗುವ ಯೋಚನೆ ಇದ್ದವರಿಗೆ ಒಂದು ಮಾತು. ಮಕ್ಕಳು ಬೆಳಿಗ್ಗೆ ಎಂಟಕ್ಕೆ ಹೋಗಿ ರಾತ್ರಿ ಬರುವ ಫ್ಲ್ಯಾಟಿನಲ್ಲಿ ಹೊಸ ಗ್ಯಾಸ್ ಒಲೆ, ಲಿಫ್ಟು, ಬೇರೆ ಭಾಷೆಯ ನೆರೆಯವರ ನಡುವೆ ಒಂಟಿತನ ಹೆಚ್ಚಾಗಬಹುದು. ಮರೆವು ಇದ್ದರೆ ಗೊಂದಲವೂ ಹೆಚ್ಚಾಗುತ್ತದೆ. ಮನೆ ಬೀಗ ಹಾಕುವ ಮೊದಲು ಒಂದು ತಿಂಗಳು ಇದ್ದು ನೋಡಲಿ. ಒಲೆ ಆರಿಸಲು ಮರೆಯುವುದು ನಿಲ್ಲದಿದ್ದರೆ, ದಾರಿ ತಪ್ಪತೊಡಗಿದರೆ, ಆಗ ಒಬ್ಬರೇ ಬಿಡುವ ಮಾತೇ ಇಲ್ಲ.

ಮೂರು ತಿಂಗಳ ಮೇಲೆ

ಒಂಟಿತನ ಹೋದರೆ ಡಿಮೆನ್ಶಿಯಾ ಬರುವುದೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 6 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟು ಮಾಡಿದ ಅಧ್ಯಯನವೊಂದು 2024ರಲ್ಲಿ ಬಂತು. ಒಂಟಿತನ ಇರುವವರಲ್ಲಿ ಡಿಮೆನ್ಶಿಯಾ ಅಪಾಯ ಸುಮಾರು 31% ಜಾಸ್ತಿ ಅಂತ ಅದರ ಲೆಕ್ಕ. ಅಂದರೆ ಒಂಟಿತನ ಇಲ್ಲದ ನೂರು ಜನರಲ್ಲಿ 10 ಮಂದಿಗೆ ಬರುವುದಾದರೆ, ಇರುವವರಲ್ಲಿ 13 ಮಂದಿಗೆ. ಅದರಲ್ಲೂ ಮರೆವಿನಿಂದಲೇ ಜನರಿಂದ ದೂರವಾದವರು ಎಷ್ಟು, ದೂರವಾಗಿದ್ದಕ್ಕೆ ಮರೆವು ಬಂದವರು ಎಷ್ಟು ಅಂತ ಬಿಡಿಸುವುದು ಸುಲಭವಲ್ಲ.

ಹಾಗಾಗಿ ಮತ್ತೆ ಅಳೆದು ನೋಡಬೇಕು. ಅತ್ತೆಯ 15 ಪ್ರಶ್ನೆಯ ಅಂಕ 9ರಿಂದ 4ಕ್ಕೆ ಇಳಿದಿತ್ತು. ಮೂರು ಪ್ರಶ್ನೆಯದ್ದು 8ರಿಂದ 5ಕ್ಕೆ. ನಿದ್ದೆ ಮಾತ್ರೆ ಕಾಲುಭಾಗಕ್ಕೆ ಬಂದಿತ್ತು. ನೆನಪಿನ ಪರೀಕ್ಷೆ ಸುಧಾರಿಸಿತ್ತು, ಆದರೆ ಪೂರ್ತಿ ಅಲ್ಲ. ಈಗಲೂ ತಾರೀಖು ತಪ್ಪುತ್ತದೆ. ಡಾಕ್ಟರು ಆರು ತಿಂಗಳಿಗೊಮ್ಮೆ ಬಂದು ತೋರಿಸಿ ಅಂದಿದ್ದಾರೆ. ಮುಂದಿನದು ಅಡಿಕೆ ಕೊಯ್ಲಿನ ನಡುವೆ ಬೀಳುತ್ತದೆ. “ಮನೆ ತುಂಬ ಸುಲಿಯೂರು ಇರ್ತಾರೆ, ಅವಾಗ ಹೇಗೆ ಬರೂದು?” ಅಂತ ಅತ್ತೆ ಆಗಲೇ ತಕರಾರು ತೆಗೆದಿದ್ದಾರೆ. ಒಂದು ವಾರ ಮುಂದೆ ಹಾಕಿಸಿದ್ದೇನೆ.